ನಗದು ಶಿಲ್ಕಿನ ಮರುಭರ್ತಿ: ಬೌಮಾಲ್ ಮಾದರಿಯ ವಿವೇಚನೆ

ಉದ್ಯಮಸಂಸ್ಥೆಯೊಂದು ತನ್ನ ಹಣವನ್ನು ಬಡ್ಡಿ ತರುವ ಭದ್ರತಾಪತ್ರಗಳಲ್ಲಿ ತೊಡಗಿಸಿ, ಅಗತ್ಯ ಬಿದ್ದಾಗ ಅವನ್ನು ಮಾರಿ ನಗದು ಪಡೆಯುತ್ತದೆ. ಒಂದು ಸಲಕ್ಕೆ ಎಷ್ಟು ಮೊತ್ತದ ಪತ್ರಗಳನ್ನು ಮಾರಬೇಕು? ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ಬೌಮಾಲ್ 1952ರಲ್ಲಿ ಈ ಪ್ರಶ್ನೆಯನ್ನು ಸರಕು ದಾಸ್ತಾನಿನ ಪ್ರಶ್ನೆಯಂತೆಯೇ ಪರಿಗಣಿಸಿ ಉತ್ತರ ನೀಡಿದರು.

ಪ್ರತಿ ಮಾರಾಟಕ್ಕೂ ಒಂದು ನಿಶ್ಚಿತ ವೆಚ್ಚವುಂಟು. ಅಲ್ಪ ಮೊತ್ತಗಳಲ್ಲಿ ಪದೇ ಪದೇ ಮಾರಿದರೆ ಈ ವೆಚ್ಚ ಬೆಳೆಯುತ್ತದೆ. ಒಮ್ಮೆಲೇ ಹೆಚ್ಚು ಮಾರಿದರೆ ಶಿಲ್ಕಿನಲ್ಲಿರುವ ಹಣಕ್ಕೆ ಬಡ್ಡಿ ತಪ್ಪುತ್ತದೆ. ನಗದು ಸಮಗತಿಯಲ್ಲಿ ವೆಚ್ಚವಾಗುವುದೆಂದು ಭಾವಿಸಿದರೆ, ಸರಾಸರಿ ಶಿಲ್ಕು ಮಾರಾಟದ ಮೊತ್ತದ ಅರ್ಧದಷ್ಟಿರುತ್ತದೆ. ಎರಡೂ ವೆಚ್ಚಗಳ ಒಟ್ಟು ಕನಿಷ್ಠವಾಗುವ ಮೊತ್ತ ಹೀಗಿದೆ:

C = √(2bT/i)

ಇಲ್ಲಿ T ವಾರ್ಷಿಕ ನಗದು ಅಗತ್ಯ, b ಪ್ರತಿ ಮಾರಾಟದ ನಿಶ್ಚಿತ ವೆಚ್ಚ, i ವಾರ್ಷಿಕ ಬಡ್ಡಿದರ.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಸಂಸ್ಥೆಯ ವಾರ್ಷಿಕ ಅಗತ್ಯ 1.2 ಕೋಟಿ ರೂಪಾಯಿ, ಪ್ರತಿ ಮಾರಾಟದ ವೆಚ್ಚ 300 ರೂಪಾಯಿ, ಬಡ್ಡಿ ಶೇಕಡಾ 8 ಎಂದಿರಲಿ. ಸೂತ್ರದಂತೆ ಮಾರಾಟದ ಮೊತ್ತ 3 ಲಕ್ಷ ರೂಪಾಯಿ. ಆಗ ವರ್ಷಕ್ಕೆ 40 ಮಾರಾಟಗಳಿಗೆ 12,000 ರೂಪಾಯಿ ತಗಲುತ್ತದೆ, ಸರಾಸರಿ 1.5 ಲಕ್ಷದ ಶಿಲ್ಕಿನ ಮೇಲೆ ತಪ್ಪಿದ ಬಡ್ಡಿಯೂ 12,000 ರೂಪಾಯಿ. ಹೀಗೆ ಎರಡೂ ಸಮವಾಗುವಲ್ಲಿಯೇ ಒಟ್ಟು ವೆಚ್ಚ ಕನಿಷ್ಠವಾಗಿ, 24,000 ರೂಪಾಯಿಗೆ ನಿಲ್ಲುತ್ತದೆ. ಮೊತ್ತವನ್ನು 6 ಲಕ್ಷಕ್ಕೆ ಏರಿಸಿದರೂ 1.5 ಲಕ್ಷಕ್ಕೆ ಇಳಿಸಿದರೂ ಒಟ್ಟು ವೆಚ್ಚ 30,000 ರೂಪಾಯಿಯಾಗುತ್ತದೆ.

ಈ ಸೂತ್ರದ ಬಳಕೆಯಲ್ಲಿ ತಪ್ಪು ನುಸುಳುವುದು ಬಹುಮಟ್ಟಿಗೆ b ಯ ನಿರ್ಣಯದಲ್ಲಿ. ಮೇಲಿನ ಸಂಸ್ಥೆಯು ಮಾರಾಟದ ಮೊತ್ತದ ಮೇಲೆ ಶೇಕಡಾ 0.1ರಷ್ಟು ದಲ್ಲಾಳಿಯನ್ನೂ ತೆರುತ್ತದೆ ಎನ್ನೋಣ. 3 ಲಕ್ಷದ ಮಾರಾಟಕ್ಕೆ ಅದು 300 ರೂಪಾಯಿ. ಇದನ್ನೂ ಸೇರಿಸಿ b ಯನ್ನು 600 ಎಂದೆಣಿಸಿದರೆ ಮಾರಾಟದ ಮೊತ್ತ ಸುಮಾರು 4.24 ಲಕ್ಷಕ್ಕೇರುತ್ತದೆ. ಆದರೆ 1.2 ಕೋಟಿಯನ್ನು ಎಷ್ಟು ಕಂತುಗಳಲ್ಲಿ ಮಾರಿದರೂ ವರ್ಷದ ದಲ್ಲಾಳಿ 12,000 ರೂಪಾಯಿಯೇ. ಅದು ನಿರ್ಣಯವನ್ನು ಬದಲಿಸಲಾರದು. ತಪ್ಪೆಣಿಕೆಯಿಂದ ವರ್ಷಕ್ಕೆ ಸುಮಾರು 1,450 ರೂಪಾಯಿ ವೃಥಾ ನಷ್ಟವಾಗುತ್ತದೆ. ಆದುದರಿಂದ ಮೊತ್ತ ಎಷ್ಟಿದ್ದರೂ ಬದಲಾಗದ ವೆಚ್ಚ ಮಾತ್ರ b ಗೆ ಸೇರತಕ್ಕದ್ದು.

ಮಾದರಿಯ ಮಿತಿಯೂ ಸ್ಪಷ್ಟವಿದೆ. ನಮ್ಮ ಉದಾಹರಣೆಯಲ್ಲಿ ಶಿಲ್ಕು ಸುಮಾರು 9 ದಿನಗಳಿಗೊಮ್ಮೆ ಬರಿದಾಗಬೇಕು. ಅದು ಒಮ್ಮೆ 4 ದಿನಗಳಲ್ಲಿ ಬರಿದಾಗಿ, ಇನ್ನೊಮ್ಮೆ ಗಿರಾಕಿಗಳ ಪಾವತಿಯಿಂದ ತಾನಾಗಿ ಏರುತ್ತಿದ್ದರೆ, ಸಮಗತಿಯ ವೆಚ್ಚವೆಂಬ ಮೂಲ ಕಲ್ಪನೆಯೇ ಅಲ್ಲಿ ಸಲ್ಲದು. ಅಂತಹ ಏರಿಳಿತಗಳಿಗಾಗಿ 1966ರಲ್ಲಿ ಮಿಲ್ಲರ್ ಮತ್ತು ಆರ್ ಅವರು ಶಿಲ್ಕಿಗೆ ಮೇಲಿನ ಹಾಗೂ ಕೆಳಗಿನ ಎಲ್ಲೆಗಳನ್ನು ಗೊತ್ತುಪಡಿಸುವ ಬೇರೊಂದು ಮಾದರಿಯನ್ನು ರೂಪಿಸಿದರು. ವೇತನ, ಬಾಡಿಗೆಗಳಂತೆ ಮೊದಲೇ ತಿಳಿದ, ಸಮವಾಗಿ ಹಂಚಿಹೋಗುವ ಪಾವತಿಗಳಿರುವಲ್ಲಿ ಬೌಮಾಲರ ಸೂತ್ರವೇ ಸಾಕು.