ಹಳೇ ಸ್ಯಾಲರಿ ಅಕೌಂಟಿನಿಂದ ಇನ್ನೂ ದುಡ್ಡು ಹೋಗ್ತಿದೆಯಾ? ಆಟೋಪೇ ಹುಡುಕೋದು, ತಡೆಯೋದು, ರದ್ದು ಮಾಡೋದು

ವಿಡಿಯೋ ನೋಡೋಕೆ ಪುರುಸೊತ್ತು ಇಲ್ಲದವರಿಗೆ ಇವತ್ತಿನ ಮಾತು ಇಲ್ಲಿ ಬರಹದಲ್ಲಿದೆ.

ಪುಣೆಗೆ ಬಂದಿರೋ ನಮ್ಮವರಲ್ಲಿ ತುಂಬಾ ಜನರಿಗೆ ಎರಡು ಮೂರು ಬ್ಯಾಂಕ್ ಅಕೌಂಟ್ ಇರ್ತವೆ. ಊರಲ್ಲಿ ಕಾಲೇಜಿಗೆ ಹೋಗುವಾಗ ತೆಗೆದದ್ದು ಒಂದು, ಬೆಂಗಳೂರಿನ ಮೊದಲ ಕಂಪನಿ ಕೊಟ್ಟ ಸ್ಯಾಲರಿ ಅಕೌಂಟ್ ಒಂದು, ಈಗ ಹಿಂಜವಡಿ ಅಥವಾ ಖರಾಡಿಯ ಕಂಪನಿ ತೆಗೆಸಿದ್ದು ಇನ್ನೊಂದು. ಸಂಬಳ ಹೊಸದಕ್ಕೆ ಬರುತ್ತದೆ. ಆದರೆ ಹಳೇ ಅಕೌಂಟಿನ ಮೇಲೆ ಕೊಟ್ಟ ಆಟೋಪೇ ಒಪ್ಪಿಗೆಗಳು ಅಲ್ಲೇ ಕೂತಿರುತ್ತವೆ. ಈ ಒಪ್ಪಿಗೆಗೇ ಬ್ಯಾಂಕಿನವರು ಮ್ಯಾಂಡೇಟ್ ಅನ್ನೋದು.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಮ್ಯಾಂಡೇಟ್ ಯಾವ ದಾರಿಯಲ್ಲಿ ಹುಟ್ಟಿತೋ ಅದೇ ದಾರಿಯಲ್ಲಿ ಅದನ್ನು ರದ್ದು ಮಾಡಬೇಕು. ಫೋನಿಂದ ಆ್ಯಪ್ ತೆಗೆದು ಹಾಕಿದರೆ ಅದು ಸಾಯಲ್ಲ. ಯುಪಿಐ ಆ್ಯಪಿಗೆ ಹೊಸ ಅಕೌಂಟ್ ಸೇರಿಸಿದರೆ ಅದು ಹೊಸ ಅಕೌಂಟಿಗೆ ಬರೋದೂ ಇಲ್ಲ. ಒಪ್ಪಿಗೆ ಕೊಟ್ಟಾಗ ಯಾವ ಅಕೌಂಟ್ ಆರಿಸಿದ್ದಿರೋ ಅಲ್ಲಿಂದಲೇ ದುಡ್ಡು ಹೋಗ್ತಿರುತ್ತದೆ.

ಮೂರು ದಾರಿ

ದಾರಿ ಮುಖ್ಯವಾಗಿ ಮೂರು. ಒಂದು ಯುಪಿಐ ಆಟೋಪೇ. ಎನ್‌ಪಿಸಿಐ ಇದನ್ನು 2020ರಲ್ಲಿ ಶುರು ಮಾಡಿತು, ಪಿನ್ ಹಾಕಿ ಒಪ್ಪಿಗೆ ಕೊಡ್ತೀವಲ್ಲ, ಅದು. ಎರಡನೆಯದು ಕಾರ್ಡ್ ಮ್ಯಾಂಡೇಟ್, ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡ್ ನಂಬರ್ ಕೊಟ್ಟು ಓಟಿಪಿ ಹಾಕಿ ಮಾಡಿದ್ದು. ಮೂರನೆಯದು ನ್ಯಾಚ್. ಸಾಲದ ಇಎಂಐ, ಮ್ಯೂಚುವಲ್ ಫಂಡ್ ಎಸ್‌ಐಪಿ, ಇನ್ಶೂರೆನ್ಸ್ ಪ್ರೀಮಿಯಂ ಹೆಚ್ಚಾಗಿ ಇದರಲ್ಲಿ ಹೋಗ್ತವೆ. ಕಾಗದದ ಫಾರ್ಮಿಗೆ ಸಹಿ ಹಾಕಿರಬಹುದು, ಇಲ್ಲಾ ನೆಟ್‌ಬ್ಯಾಂಕಿಂಗ್, ಆಧಾರ್ ಮೂಲಕ ಕೊಟ್ಟಿರಬಹುದು.

ಯುಪಿಐ ಮತ್ತು ಕಾರ್ಡಿನಲ್ಲಿ ದುಡ್ಡು ಕಡಿಯುವ ಕನಿಷ್ಠ 24 ಗಂಟೆ ಮುಂಚೆ ತಿಳಿಸಬೇಕು ಅಂತ ಆರ್‌ಬಿಐ ನಿಯಮ ಇದೆ. ಹಾಗಿದ್ದೂ ಯಾಕೆ ಗೊತ್ತಾಗಲ್ಲ? ಸಾಮಾನ್ಯವಾಗಿ 15,000 ರೂಪಾಯಿವರೆಗೆ ಪ್ರತಿ ಸಲ ಓಟಿಪಿ, ಪಿನ್ ಕೇಳಲ್ಲ. ತಿಳುವಳಿಕೆಯ ಮೆಸೇಜು ಹೋಗೋದು ಬ್ಯಾಂಕಿನಲ್ಲಿ ನೋಂದಾಯಿಸಿದ ನಂಬರ್ ಅಥವಾ ಇಮೇಲಿಗೆ. ಹಳೇ ಅಕೌಂಟಿಗೆ ಬೆಂಗಳೂರಿನ ಹಳೇ ಸಿಮ್ಮೋ, ಬಿಟ್ಟ ಕಂಪನಿಯ ಇಮೇಲೋ ಇದ್ದರೆ ಅದು ಯಾರಿಗೂ ತಲುಪಲ್ಲ. ಅದಕ್ಕೇ ಮೊದಲು ಆ ಅಕೌಂಟಿನ ಮೊಬೈಲ್ ನಂಬರ್ ಸರಿ ಇದೆಯಾ ನೋಡ್ಕೊಳ್ಳಿ. ಅದು ಸರಿ ಇಲ್ಲದೆ ಮುಂದಿನ ಯಾವ ಓಟಿಪಿನೂ ಬರಲ್ಲ.

ಹುಡುಕೋದು: ಸ್ಟೇಟ್‌ಮೆಂಟಿಂದ ಶುರು

ಒಂದು ಉದಾಹರಣೆ ಇಟ್ಕೊಳ್ಳೋಣ. ಹುಬ್ಬಳ್ಳಿಯ ಹುಡುಗ, 2019ರಲ್ಲಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ, 2023ರಲ್ಲಿ ಪುಣೆಗೆ ಬಂದ, ವಾಕಡದಲ್ಲಿ ಮನೆ ಮಾಡಿದ್ದಾನೆ. ಹಳೇ ಅಕೌಂಟಲ್ಲಿ 15,000 ರೂಪಾಯಿ ಬಿಟ್ಟಿದ್ದ. ಈಗ ನೋಡಿದರೆ ಎರಡು ಸಾವಿರವೂ ಇಲ್ಲ.

ಅವನು ಮೊದಲು ಮಾಡಬೇಕಾದ್ದು 13 ತಿಂಗಳ ಸ್ಟೇಟ್‌ಮೆಂಟ್ ಡೌನ್‌ಲೋಡ್. ಯಾಕೆ 13? ವರ್ಷಕ್ಕೊಮ್ಮೆ ಹೋಗೋ ಪಾವತಿ ಒಂದು ಸಲವಾದರೂ ಅದರಲ್ಲಿ ಸಿಗಲೇಬೇಕು. 12 ತಿಂಗಳದ್ದು ತೆಗೆದರೆ ತಾರೀಖು ಒಂದೆರಡು ದಿನ ಆಚೀಚೆ ಆಗಿ ತಪ್ಪಿಹೋಗಬಹುದು.

ಅವನಿಗೆ ಮೂರು ಸಾಲು ಸಿಕ್ಕವು ಅಂದ್ಕೊಳ್ಳಿ. ಪ್ರತಿ ತಿಂಗಳು 7ಕ್ಕೆ `ACH D- INDIAN CLEARING CORP` ಅಂತ 5,000. ಪ್ರತಿ ತಿಂಗಳು 12ಕ್ಕೆ ಯುಪಿಐನಲ್ಲಿ ಒಂದು ವಿಡಿಯೋ ಆ್ಯಪಿಗೆ 299. ಜನವರಿಯಲ್ಲಿ ಒಂದೇ ಸಲ ಡೆಬಿಟ್ ಕಾರ್ಡಿಂದ 1,499.

ಮೊದಲನೇ ಸಾಲು ನೋಡಿ ಗಾಬರಿ ಬೀಳೋರು ಜಾಸ್ತಿ. ಈ ಇಂಡಿಯನ್ ಕ್ಲಿಯರಿಂಗ್ ಯಾವುದು, ನಾನು ಯಾರಿಗೂ ಕೊಟ್ಟಿಲ್ಲವಲ್ಲ ಅಂತ. ಅದು ಬಿಎಸ್‌ಇಯ ಕ್ಲಿಯರಿಂಗ್ ಸಂಸ್ಥೆ. ಆ್ಯಪ್ ಮೂಲಕ ಶುರು ಮಾಡಿದ ಎಸ್‌ಐಪಿಗಳ ದುಡ್ಡು ಎಷ್ಟೋ ಸಲ ಅದರ ಹೆಸರಲ್ಲೇ ಹೋಗುತ್ತದೆ, ಫಂಡಿನ ಹೆಸರು ಕಾಣಲ್ಲ. `ACH`, `NACH` ಅಂತ ಇದ್ದರೆ ಅದು ನ್ಯಾಚ್ ದಾರಿ. ಯುಪಿಐ ಸಾಲಿನಲ್ಲಿ `MANDATE` ಅಥವಾ `AUTOPAY` ಅನ್ನೋ ಪದ ಹುಡುಕಿ. ಕಾರ್ಡಿನದ್ದಾದರೆ ಕಾರ್ಡಿನ ಕೊನೆಯ ಅಂಕಿಗಳೂ ವ್ಯಾಪಾರಿಯ ಹೆಸರೂ ಇರುತ್ತವೆ.

ಯುಪಿಐ ಮ್ಯಾಂಡೇಟ್ ಯಾವ ಆ್ಯಪಲ್ಲಿ ಮಾಡಿದ್ದು ಅಂತ ನೆನಪಿಲ್ಲದಿದ್ದರೂ ದಾರಿ ಇದೆ. ಪ್ರತಿ ಮ್ಯಾಂಡೇಟಿಗೂ `UMN` ಅನ್ನೋ ಉದ್ದದ ನಂಬರ್ ಇರುತ್ತದೆ, ಅದರ ಬಾಲದಲ್ಲಿ `@` ಆದ ಮೇಲೆ ಬರೋದನ್ನು ನೋಡಿ. `@ybl`, `@ibl`, `@axl` ಇದ್ದರೆ ಫೋನ್‌ಪೇ. `@okaxis`, `@oksbi`, `@okicici`, `@okhdfcbank` ಇದ್ದರೆ ಗೂಗಲ್ ಪೇ. `@pt` ಅಂತ ಶುರುವಾದರೆ ಪೇಟಿಎಂ. ಎನ್‌ಪಿಸಿಐನ `upihelp.npci.org.in` ಪುಟದಲ್ಲಿ ಬೇರೆ ಬೇರೆ ಆ್ಯಪಿನ ಮ್ಯಾಂಡೇಟುಗಳನ್ನು ಒಟ್ಟಿಗೆ ನೋಡಬಹುದು. ಆದರೆ ನೆನಪಿಡಿ, ಅಲ್ಲಿ ಕಾಣೋದು ಯುಪಿಐನವು ಮಾತ್ರ. ಅಲ್ಲಿ ಪಟ್ಟಿ ಖಾಲಿ ಇದ್ದ ಮಾತ್ರಕ್ಕೆ ನ್ಯಾಚ್, ಕಾರ್ಡ್ ಮ್ಯಾಂಡೇಟ್ ಇಲ್ಲ ಅಂತ ಅಲ್ಲ.

ಯುಪಿಐನ 299: ಪಾಸ್ ಮಾಡೋದಾ, ರದ್ದು ಮಾಡೋದಾ?

ಯುಪಿಐ ಆ್ಯಪಿನ ಪ್ರೊಫೈಲ್ ಒಳಗೆ `Autopay` ಅಂತ ಇರುತ್ತದೆ. ಅದರಲ್ಲಿ ಮ್ಯಾಂಡೇಟ್ ತೆರೆದರೆ `Pause` ಮತ್ತು `Cancel` ಅಥವಾ `Revoke` ಕಾಣುತ್ತವೆ. ಪಿನ್ ಹಾಕಿದರೆ ಕೆಲಸ ಮುಗೀತು.

ಪಾಸ್ ಅಂದರೆ ಒಂದು ತಾರೀಖಿನಿಂದ ಇನ್ನೊಂದು ತಾರೀಖಿನವರೆಗೆ ತಡೆ. ಆ ಕೊನೇ ತಾರೀಖು ದಾಟಿದ ಕೂಡಲೇ ಅದು ತಾನಾಗಿ ಮತ್ತೆ ಶುರುವಾಗುತ್ತದೆ, ನಿಮ್ಮನ್ನು ಕೇಳಲ್ಲ. ಎರಡು ತಿಂಗಳು ಊರಿಗೆ ಹೋಗ್ತೀನಿ, ಬಂದ ಮೇಲೆ ಬೇಕು ಅನ್ನೋದಕ್ಕೆ ಪಾಸ್ ಸರಿ. ಇನ್ನು ಬೇಡವೇ ಬೇಡ ಅನ್ನೋದಕ್ಕೆ ರದ್ದೇ ಮಾಡಿ.

ಇಲ್ಲೊಂದು ಸೂಕ್ಷ್ಮ ಇದೆ. ಮ್ಯಾಂಡೇಟ್ ಬೇರೆ, ಸಬ್‌ಸ್ಕ್ರಿಪ್ಷನ್ ಬೇರೆ. ಮ್ಯಾಂಡೇಟ್ ಮಾತ್ರ ರದ್ದು ಮಾಡಿದರೆ ಆ ಕಂಪನಿಯ ಲೆಕ್ಕದಲ್ಲಿ ನೀವು ಇನ್ನೂ ಗ್ರಾಹಕರೇ, ಬಾಕಿ ಅಂತ ತೋರಿಸಬಹುದು. ಸಬ್‌ಸ್ಕ್ರಿಪ್ಷನ್ ಮಾತ್ರ ನಿಲ್ಲಿಸಿದರೆ ಒಪ್ಪಿಗೆ ಬ್ಯಾಂಕಿನಲ್ಲಿ ಜೀವಂತ ಉಳಿಯಬಹುದು. ಹಾಗಾಗಿ ಮೊದಲು ಸೇವೆ ನಿಲ್ಲಿಸಿ, ಆಮೇಲೆ ಮ್ಯಾಂಡೇಟ್. ಪ್ಲೇ ಸ್ಟೋರ್ ಮೂಲಕ ತಗೊಂಡದ್ದಾದರೆ ಅಲ್ಲಿನ `Payments & subscriptions` ಒಳಗೆ ಹೋಗಿ ನಿಲ್ಲಿಸಬೇಕು.

ಕಾರ್ಡಿನ 1,499

ಇದು ಯುಪಿಐ ಆ್ಯಪಲ್ಲಿ ಸಿಗಲ್ಲ. ಕಾರ್ಡ್ ಕೊಟ್ಟ ಬ್ಯಾಂಕಿನ ನೆಟ್‌ಬ್ಯಾಂಕಿಂಗಲ್ಲಿ ಕಾರ್ಡ್ ವಿಭಾಗದ ಒಳಗೆ `Standing Instructions` ಅಥವಾ `e-Mandate` ಅಂತ ಹುಡುಕಿ. ಹಲವು ಬ್ಯಾಂಕುಗಳು ಇದಕ್ಕೆ ಸೈಹಬ್ ಅನ್ನೋ ಬೇರೆ ಪುಟಕ್ಕೆ ಕಳಿಸುತ್ತವೆ. ಅಲ್ಲಿ ಕಾರ್ಡ್ ನಂಬರ್ ಹಾಕಿ ಓಟಿಪಿ ಕೊಟ್ಟರೆ ಪಟ್ಟಿ ಬರುತ್ತದೆ. ಆ ಪುಟಕ್ಕೆ ನಿಮ್ಮ ಬ್ಯಾಂಕಿನ ಸೈಟಿಂದಲೇ ಹೋಗಿ. ಹುಡುಕಿ ಸಿಕ್ಕ ಲಿಂಕಿಗೆ ಕಾರ್ಡ್ ನಂಬರ್ ಕೊಡಬೇಡಿ. 24 ಗಂಟೆ ಮುಂಚಿನ ಮೆಸೇಜಿನಲ್ಲೂ ಆ ಒಂದು ಪಾವತಿಯನ್ನೋ ಇಡೀ ಮ್ಯಾಂಡೇಟನ್ನೋ ಬೇಡ ಅನ್ನೋ ಅವಕಾಶ ಇರಬೇಕು ಅಂತ ನಿಯಮ ಇದೆ.

ನ್ಯಾಚ್‌ನ 5,000: ಇಲ್ಲಿ ಆತುರ ಬೇಡ

ನಿಜವಾದ ಪೆಟ್ಟು ಬೀಳೋದು ಇಲ್ಲಿ. ನಮ್ಮ ಹುಬ್ಬಳ್ಳಿ ಹುಡುಗನ ಅಕೌಂಟಲ್ಲಿ 5,000 ಇಲ್ಲದ ತಿಂಗಳು ನ್ಯಾಚ್ ವಾಪಸ್ ಹೋಗುತ್ತದೆ. ಬ್ಯಾಂಕ್ ಅದಕ್ಕೆ 500 ದಂಡ ಇಟ್ಟಿದೆ ಅಂದ್ಕೊಳ್ಳಿ, 18% ಜಿಎಸ್‌ಟಿ ಸೇರಿ 590. ಮೂರು ತಿಂಗಳಿಗೆ 1,770. ಸತತ ಮೂರು ತಿಂಗಳ ಕಂತು ಹೋಗದಿದ್ದರೆ ಎಸ್‌ಐಪಿಯೂ ರದ್ದಾಗುತ್ತದೆ. ಅಂದರೆ ಉಳಿತಾಯವೂ ಆಗಲಿಲ್ಲ, ದಂಡ ಮಾತ್ರ ಉಳೀತು.

ಹಾಗಂತ ನೇರವಾಗಿ ಮ್ಯಾಂಡೇಟ್ ಕಿತ್ತು ಹಾಕಬೇಡಿ. ಒಂದೇ ನ್ಯಾಚ್ ಮ್ಯಾಂಡೇಟಿನ ಮೇಲೆ ಹಲವು ಎಸ್‌ಐಪಿ ಇರಬಹುದು. 50,000 ಅಥವಾ ಒಂದು ಲಕ್ಷದ ಮಿತಿ ಹಾಕಿ ಒಮ್ಮೆ ಕೊಟ್ಟ ಒಪ್ಪಿಗೆ, ಅದರ ಕೆಳಗೆ ನಾಲ್ಕು ಎಸ್‌ಐಪಿ. ಒಂದು ಬೇಡ ಅಂತ ಮ್ಯಾಂಡೇಟ್ ತೆಗೆದರೆ ನಾಲ್ಕೂ ಬೌನ್ಸ್. ಎಸ್‌ಐಪಿ ಪಾಸ್ ಮಾಡೋದು, ನಿಲ್ಲಿಸೋದು ಫಂಡ್ ಸಂಸ್ಥೆಯಲ್ಲಿ ಅಥವಾ ನೀವು ಬಳಸೋ ಹೂಡಿಕೆ ಆ್ಯಪಲ್ಲಿ. ಬ್ಯಾಂಕಲ್ಲಿ ಅಲ್ಲ.

ಎಸ್‌ಐಪಿ ಬೇಕು, ಅಕೌಂಟ್ ಮಾತ್ರ ಬದಲಾಗಬೇಕು ಅಂದರೆ ಕ್ರಮ ಹೀಗೆ. ಮೊದಲು ಹೂಡಿಕೆ ಆ್ಯಪಲ್ಲಿ ಪುಣೆಯ ಹೊಸ ಅಕೌಂಟ್ ಸೇರಿಸಿ, ಅದಕ್ಕೆ ಹೊಸ ಮ್ಯಾಂಡೇಟ್ ಮಾಡಿ. ಅದು ಮಂಜೂರಾದ ಮೇಲೆ ಎಸ್‌ಐಪಿಗಳನ್ನು ಹೊಸ ಮ್ಯಾಂಡೇಟಿಗೆ ಬದಲಾಯಿಸಿ. ಒಂದು ಕಂತು ಹೊಸ ಅಕೌಂಟಿಂದ ಹೋದದ್ದನ್ನು ಕಣ್ಣಾರೆ ನೋಡಿ. ಆಮೇಲೆ ಹಳೇದನ್ನು ರದ್ದು ಮಾಡಿ. ಅಲ್ಲಿಯವರೆಗೆ ಹಳೇ ಅಕೌಂಟಲ್ಲಿ ಒಂದು ಕಂತಿನಷ್ಟು ದುಡ್ಡು ಇರಲಿ.

ರದ್ದಿಗೆ ನೆಟ್‌ಬ್ಯಾಂಕಿಂಗಲ್ಲಿ `NACH` ಅಥವಾ `e-Mandate` ವಿಭಾಗ ನೋಡಿ. ಅಲ್ಲಿ ಸಿಗದಿದ್ದರೆ ಬ್ರಾಂಚಿಗೆ ಅರ್ಜಿ. ಅರ್ಜಿಯಲ್ಲಿ ಅಕೌಂಟ್ ನಂಬರ್ ಜೊತೆ `UMRN` ಅನ್ನೋ ಮ್ಯಾಂಡೇಟ್ ನಂಬರ್ ಇರಲೇಬೇಕು. ಅದಿಲ್ಲದೆ ಯಾವುದನ್ನು ತೆಗೆಯೋದು ಅಂತ ಅವರಿಗೂ ಗೊತ್ತಾಗಲ್ಲ. ಕೆಲಸ ಆಗೋಕೆ ಕೆಲವು ದಿನ ಹಿಡಿಯುತ್ತದೆ, ನಾಳೆ ಕಡಿಯೋದನ್ನು ಇವತ್ತು ಹೇಳಿ ನಿಲ್ಲಿಸೋಕಾಗಲ್ಲ. ಕನಿಷ್ಠ ಒಂದು ವಾರ ಮುಂಚೆ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಅಕೌಂಟ್ ಇರೋ ಮೂಲ ಬ್ರಾಂಚಿಗೇ ಹೋಗಿ ಅಂದರೆ, ಆ ಬ್ರಾಂಚಿಗೆ ನೋಂದಾಯಿತ ಇಮೇಲಿಂದ ಬರೆದು ದೂರು ಸಂಖ್ಯೆ ತಗೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ `cms.rbi.org.in` ನಲ್ಲಿ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಸಾಲದ ಇಎಂಐ ಮಾತ್ರ ಬೇರೆ ಲೆಕ್ಕ. ಕೆಲವು ಸಾಲದ ಆಟೋಪೇಗೆ ಆ್ಯಪಲ್ಲಿ ರದ್ದು ಮಾಡೋ ಬಟನ್ನೇ ಇರಲ್ಲ. ಇದ್ದರೂ ಮ್ಯಾಂಡೇಟ್ ತೆಗೆದರೆ ಸಾಲ ಹೋಗಲ್ಲ, ಕಂತು ತಪ್ಪಿದ್ದು ಸಿಬಿಲ್‌ಗೆ ಹೋಗುತ್ತದೆ. ಅಕೌಂಟಲ್ಲಿ ದುಡ್ಡಿಲ್ಲದೆ ನ್ಯಾಚ್ ಬೌನ್ಸ್ ಆದರೆ 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಚೆಕ್ ಬೌನ್ಸ್ ಥರಾನೇ ಕೇಸು ಹಾಕಬಹುದು. ಇಎಂಐ ಅಕೌಂಟ್ ಬದಲಾಯಿಸಬೇಕಾದರೆ ಸಾಲ ಕೊಟ್ಟವರನ್ನು ಕೇಳಿ ಮ್ಯಾಂಡೇಟ್ ಬದಲಿಸಿಕೊಳ್ಳಿ. ಸಾಲ ತೀರಿದ್ದರೆ ನೋ ಡ್ಯೂಸ್ ಪತ್ರ ತಗೊಳ್ಳುವಾಗಲೇ ಮ್ಯಾಂಡೇಟೂ ರದ್ದು ಮಾಡಿಸಿ.

ಕೊನೆಗೆ ಪರೀಕ್ಷೆ

ರದ್ದಾದ ಪ್ರತಿಯೊಂದಕ್ಕೂ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಅದರಲ್ಲಿ ತಾರೀಖು, `UMN` ಅಥವಾ `UMRN` ಕಾಣಬೇಕು. ಮುಂದಿನ 7, 12ನೇ ತಾರೀಖು ದಾಟಿದ ಮೇಲೆ ಸ್ಟೇಟ್‌ಮೆಂಟ್ ಮತ್ತೊಮ್ಮೆ ತೆರೆಯಿರಿ. ರದ್ದಾದ ಮೇಲೂ ದುಡ್ಡು ಹೋಗಿದ್ದರೆ ಆ ಸ್ಕ್ರೀನ್‌ಶಾಟ್ ಹಾಕಿ ಅವತ್ತೇ ಬ್ಯಾಂಕಿಗೆ ದೂರು ಕೊಡಿ. ಎಲ್ಲ ಸಾಲೂ ಖಾಲಿ ಇದ್ದರೆ ಆಗ ಹಳೇ ಅಕೌಂಟ್ ಕ್ಲೋಸ್ ಮಾಡೋ ಫಾರ್ಮ್ ತುಂಬಬಹುದು. ಸಂಬಳ ನಿಂತ ಮೇಲೆ ಸ್ಯಾಲರಿ ಅಕೌಂಟ್ ಸಾಮಾನ್ಯ ಉಳಿತಾಯ ಅಕೌಂಟ್ ಆಗಿಬಿಡುತ್ತದೆ, ಮಿನಿಮಮ್ ಬ್ಯಾಲೆನ್ಸ್ ದಂಡ ಬೀಳಬಹುದು. ಹಾಗಾಗಿ ಆ ಫಾರ್ಮನ್ನು ತುಂಬಾ ಮುಂದೂಡಬೇಡಿ.

ಯಾವ ಸಾಲು ಯಾವ ದಾರಿಯದ್ದು ಅಂತ ಗೊತ್ತಾಗದಿದ್ದರೆ, ಅಕೌಂಟ್ ನಂಬರ್ ಅಳಿಸಿ ಆ ಸಾಲನ್ನು ಮಾತ್ರ ಬರೆದು ಕಳಿಸಿ. ಮುಂದಿನ ವಿಡಿಯೋದಲ್ಲಿ ಒಟ್ಟಿಗೆ ಬಿಡಿಸಿ ನೋಡೋಣ.