ಆಟ ಹೋದರೂ ಸೇವ್ ಉಳಿಯುತ್ತದೆ

2024ರ ಮೇ 21ರಂದು ಪ್ಲೇಸ್ಟೇಷನ್ ಪ್ಲಸ್‌ನ ಆಟಗಳ ಸಂಗ್ರಹದಿಂದ ‘ಹೊರೈಜನ್ ಜೀರೋ ಡಾನ್’ ಹೊರಬಿತ್ತು. ಬೇರೆ ಕಂಪನಿಗಳ ಆಟಗಳಾದರೆ ಒಪ್ಪಂದದ ಅವಧಿ ಮುಗಿದಾಗ ಹೋಗುತ್ತವೆ, ಅದು ಎಲ್ಲರಿಗೂ ಗೊತ್ತು. ಆದರೆ ಈ ಆಟ ಸೋನಿಯ ಸ್ವಂತ ಸ್ಟುಡಿಯೋದ್ದು. ಮನೆಯದೇ ಆಟ, ಹೇಗೂ ಇಲ್ಲೇ ಇರುತ್ತದೆ ಎಂದು ನಿಧಾನವಾಗಿ ಆಡುತ್ತಿದ್ದವರಿಗೆ ಅದು ನಿಜವಾಗಿಯೂ ನಷ್ಟ.

ಈ ಚಂದಾದಲ್ಲಿ ಆಟಗಳು ಎರಡು ದಾರಿಯಿಂದ ಬರುತ್ತವೆ. ಸಾಮಾನ್ಯವಾಗಿ ತಿಂಗಳ ಮೊದಲ ಮಂಗಳವಾರ ಕೊಡುವ ಮಾಸಿಕ ಆಟಗಳು ಎಸೆನ್ಷಿಯಲ್ ಎಂಬ ಕೆಳಹಂತದ ಚಂದಾದಾರರಿಗೂ ಸಿಗುತ್ತವೆ. ಆ ತಿಂಗಳೊಳಗೆ ಅವನ್ನು ನಿಮ್ಮ ಲೈಬ್ರರಿಗೆ ಸೇರಿಸಿಕೊಂಡರೆ ಸಾಕು, ಡೌನ್‌ಲೋಡ್ ಮಾಡಲೇಬೇಕೆಂದಿಲ್ಲ. ಚಂದಾ ನಡೆಯುವವರೆಗೆ ಅವು ನಿಮ್ಮ ಬಳಿ ಇರುತ್ತವೆ. ನಡುವೆ ಚಂದಾ ನಿಂತು ಮತ್ತೆ ಕಟ್ಟಿದರೆ ತಿರುಗಿ ತೆರೆದುಕೊಳ್ಳುತ್ತವೆ. ಎಕ್ಸ್‌ಟ್ರಾ ಹಂತದ ದೊಡ್ಡ ಸಂಗ್ರಹ ಹಾಗಲ್ಲ. ಅದಕ್ಕೆ ತಿಂಗಳ ನಡುವೆ ಹೊಸ ಆಟಗಳು ಸೇರುತ್ತವೆ, ಕೆಲವು ಹೊರಡುತ್ತವೆ. ಹೊರಡಲಿರುವವನ್ನು ‘Last Chance to Play’ ವಿಭಾಗದಲ್ಲಿ ಮೊದಲೇ ತೋರಿಸುತ್ತಾರೆ. ದೊಡ್ಡ ಆಟ ಶುರುಮಾಡುವ ಮುನ್ನ ಅಲ್ಲೊಮ್ಮೆ ನೋಡಿಬಿಡಿ.

ಹೊರೈಜನ್ ಅನ್ನು ಈ ಸಂಗ್ರಹದಿಂದ ಇಳಿಸಿಕೊಂಡು ಅರ್ಧ ಮುಗಿಸಿದ್ದ ಒಬ್ಬರನ್ನು ಊಹಿಸಿಕೊಳ್ಳಿ. ಚಂದಾ ಚಾಲ್ತಿಯಲ್ಲಿದೆ, ಫೈಲುಗಳೆಲ್ಲ ಕನ್ಸೋಲಿನಲ್ಲೇ ಇವೆ. ಆದರೂ ಗಡುವು ದಾಟಿದ ಮೇಲೆ ಆಟದ ಐಕಾನ್ ಮೇಲೆ ಬೀಗದ ಗುರುತು ಬೀಳುತ್ತದೆ. ಹೋದದ್ದು ಆಡುವ ಹಕ್ಕು ಮಾತ್ರ. ಅವರು ಆಡಿದಷ್ಟರ ಸೇವ್ ಹಾಗೇ ಇರುತ್ತದೆ, ಗಳಿಸಿದ ಟ್ರೋಫಿಗಳೂ ಇರುತ್ತವೆ. ಮುಂದೆ ಅದೇ ಅಕೌಂಟಿನಿಂದ ಅದೇ ಆವೃತ್ತಿಯನ್ನು ಕೊಂಡರೆ ನಿಲ್ಲಿಸಿದ ಜಾಗದಿಂದಲೇ ಮುಂದುವರಿಸಬಹುದು. ಪಿಎಸ್4 ಆವೃತ್ತಿಯ ಸೇವ್ ಪಿಎಸ್5 ಆವೃತ್ತಿಯಲ್ಲಿ ತಾನಾಗಿ ತೆರೆಯುತ್ತದೆ ಎಂದು ಮಾತ್ರ ನೆಚ್ಚಿಕೊಳ್ಳಬೇಡಿ. ಅದು ಆಟದಿಂದ ಆಟಕ್ಕೆ ಬೇರೆ. ಇಂಥ ಆಟಕ್ಕೆ ಹೆಚ್ಚುವರಿ ಅಧ್ಯಾಯವನ್ನು ದುಡ್ಡು ಕೊಟ್ಟು ಕೊಂಡವರ ಪಾಡು ಇನ್ನೂ ಬೇಸರದ್ದು: ಮೂಲ ಆಟ ಇಲ್ಲದೆ ಆ ಭಾಗ ನಡೆಯುವುದೇ ಇಲ್ಲ.

ಇದೇ ಹೊರೈಜನ್ ಅನ್ನು 2021ರಲ್ಲಿ ‘ಪ್ಲೇ ಅಟ್ ಹೋಮ್’ ಯೋಜನೆಯಡಿ ಸೋನಿ ಎಲ್ಲರಿಗೂ ಉಚಿತವಾಗಿ ಕೊಟ್ಟಿತ್ತು. ಆಗ ಪಡೆದುಕೊಂಡವರಿಗೆ ಅದು ಸ್ವಂತವಾಯಿತು. ಚಂದಾ ಇರಲಿ ಬಿಡಲಿ, ಮೇ 21ರ ನಂತರವೂ ಅವರು ಆಡಿದರು.

ಆನ್‌ಲೈನ್ ಮಲ್ಟಿಪ್ಲೇಯರ್ ಇದರಿಂದ ಪ್ರತ್ಯೇಕವಾದ ಹಕ್ಕು. ಅದು ಎಸೆನ್ಷಿಯಲ್‌ನಿಂದಲೇ ಸಿಗುತ್ತದೆ, ಮೇಲಿನ ಹಂತಗಳಲ್ಲೂ ಇರುತ್ತದೆ. ಆದರೆ ಸಂಗ್ರಹದಿಂದ ಹೋದ ಆಟವನ್ನು ಅದು ಹಿಂದಕ್ಕೆ ತಂದುಕೊಡುವುದಿಲ್ಲ. ‘ಫೋರ್ಟ್‌ನೈಟ್’ನಂಥ ಉಚಿತ ಆಟಗಳನ್ನು ಆನ್‌ಲೈನ್ ಆಡಲು ಚಂದಾ ಬೇಕಿಲ್ಲ, ಅದಕ್ಕೋಸ್ಕರವೇ ಮಕ್ಕಳಿಗೆ ಚಂದಾ ಕಟ್ಟುತ್ತಿರುವ ಪೋಷಕರು ಆ ಹಣ ಉಳಿಸಬಹುದು. ದುಡ್ಡು ಕೊಟ್ಟು ಕೊಳ್ಳುವ ಆಟಗಳಲ್ಲಿ, ಡಿಸ್ಕ್ ಸ್ವಂತದ್ದಾಗಿದ್ದರೂ, ಚಂದಾ ನಿಂತ ದಿನ ಕಥೆಯ ಭಾಗವನ್ನು ಒಬ್ಬರೇ ಆಡಬಹುದು; ಗೆಳೆಯರ ಜೊತೆ ಆನ್‌ಲೈನ್ ಪಂದ್ಯಕ್ಕೆ ಇಳಿಯಲು ಸಾಮಾನ್ಯವಾಗಿ ಆಗುವುದಿಲ್ಲ.