ಇಪ್ಪತ್ತು ಸೆಕೆಂಡಿನೊಳಗೆ ಸ್ಪರ್ಧೆಯ ನಿಯಮ ಹೇಳುವ ಬಗೆ



ನಮ್ಮ ಸಂಘದ ಕಾಫಿಪುಡಿ ಕೊಳ್ಳುವ ಗಿರಾಕಿಗಳಿಗಾಗಿ ಕಳೆದ ವರ್ಷ ನಾವು ಒಂದು ವಿಡಿಯೊ ಸ್ಪರ್ಧೆ ನಡೆಸಿದ್ದು ಸದಸ್ಯರಿಗೆ ನೆನಪಿರಬಹುದು. ಅದರ ಪ್ರಕಟಣೆಯಲ್ಲಿ 'ಈ ತಿಂಗಳ ಕೊನೆಯೊಳಗೆ ಕಳುಹಿಸಿ' ಎಂದು ಹೇಳಿಸಿದ್ದೆವು. ಆ ವಿಡಿಯೊ ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ದಾಟುತ್ತಾ ಎರಡು ತಿಂಗಳ ನಂತರವೂ ಓಡಾಡುತ್ತಿತ್ತು. ತಡವಾಗಿ ನೋಡಿದವರಿಗೆ 'ಈ ತಿಂಗಳು' ಎಂದರೆ ಅವರು ನೋಡಿದ ತಿಂಗಳೇ. ಅವರೂ ಶ್ರಮಪಟ್ಟು ತೆಗೆದು ಕಳುಹಿಸಿದರು, ನಾವು ಹಿಂದಿರುಗಿಸಿದೆವು. ಹಳೆಯ ಗಿರಾಕಿಯೊಬ್ಬರು ಅಂದಿನಿಂದ ನಮ್ಮ ಡಿಪೋದ ಮೆಟ್ಟಿಲು ಹತ್ತಿಲ್ಲ. ತಪ್ಪು ಅವರದಲ್ಲ, ನಮ್ಮ ಒಕ್ಕಣೆಯದು.

ಈ ಸಲ ಒಕ್ಕಣೆಯನ್ನು ಗಡಿಯಾರ ಹಿಡಿದು ಸಿದ್ಧಪಡಿಸಿದ್ದೇವೆ. ನಿಧಾನವಾಗಿ, ಕೇಳುವವರಿಗೆ ತಿಳಿಯುವಂತೆ ಓದಿದರೆ ಕನ್ನಡದಲ್ಲಿ ಸೆಕೆಂಡಿಗೆ ಸುಮಾರು ಎರಡು ಪದ ಹಿಡಿಯುತ್ತದೆ. ನಮ್ಮ ಪದಗಳು ಉದ್ದ. 'ಕಳುಹಿಸಿಕೊಡತಕ್ಕದ್ದು' ಎಂಬ ಒಂದೇ ಪದ ಎರಡು ಪದಗಳ ಹೊತ್ತು ತಿನ್ನುತ್ತದೆ. ಇಪ್ಪತ್ತು ಸೆಕೆಂಡಿಗೆ ನಲವತ್ತು ಪದ ಎಂದು ಲೆಕ್ಕವಾದರೂ, ಉಸಿರಿಗೆ ಮತ್ತು ನಡುವಿನ ನಿಲುಗಡೆಗೆ ಮೂರು ಸೆಕೆಂಡು ಬಿಟ್ಟರೆ ಉಳಿಯುವುದು ಮೂವತ್ತಮೂರು, ಮೂವತ್ತನಾಲ್ಕು ಪದ ಮಾತ್ರ. ನಮ್ಮ ಮೊದಲ ಕರಡು ಎಪ್ಪತ್ತು ಪದಗಳಷ್ಟಿತ್ತು. (ಸಂಘದ ಇತಿಹಾಸವೂ ಇರಲೆಂಬ ಸಲಹೆ ಆಡಳಿತ ಮಂಡಳಿಯಿಂದಲೇ ಬಂದಿತ್ತು!) ಅದನ್ನು ಅವಸರದಿಂದ ಇಪ್ಪತ್ತು ಸೆಕೆಂಡಿಗೆ ತುರುಕಿ ಓದಿಸಿದಾಗ, ಕೇಳಿದವರಲ್ಲಿ ಒಬ್ಬರಿಗೂ ಕೊನೆಯ ದಿನ ನೆನಪಿನಲ್ಲಿ ಉಳಿಯಲಿಲ್ಲ.

ಕಡೆಗೆ ಉಳಿದ ಒಕ್ಕಣೆ ಹೀಗಿದೆ:

'ನಿಮ್ಮ ಮನೆಯಲ್ಲಿ ಫಿಲ್ಟರ್ ಕಾಫಿ ಹೇಗೆ ಮಾಡುತ್ತೀರಿ? ಅರ್ಧ ನಿಮಿಷದ ವಿಡಿಯೊ ತೆಗೆದು, ಇಲ್ಲಿ ಕಾಣುವ ನಂಬರಿಗೆ ವಾಟ್ಸಾಪ್ ಮಾಡಿ. ಮನೆಗೊಂದೇ ವಿಡಿಯೊ. ತೀರ್ಪುಗಾರರು ಆರಿಸಿದ ಮೂವರಲ್ಲಿ ಒಬ್ಬೊಬ್ಬರಿಗೂ ವರ್ಷವಿಡೀ ತಿಂಗಳಿಗೆ ಅರ್ಧ ಕಿಲೊ ಕಾಫಿಪುಡಿ. ಕೊನೆಯ ದಿನ ನವೆಂಬರ್ ಮೂವತ್ತು, ಸಂಜೆ ಆರು ಗಂಟೆ.'

ಇದರಲ್ಲಿ ಮೂವತ್ತಮೂರು ಪದಗಳಿವೆ. ಮೊದಲು ಮಾಡಬೇಕಾದ ಕೆಲಸ, ಆಮೇಲೆ ಬಹುಮಾನ, ಕೊನೆಗೆ ತಾರೀಖು. ಕೊನೆಯಲ್ಲಿ ಕೇಳಿದ ಮಾತು ಕಿವಿಯಲ್ಲಿ ಉಳಿಯುತ್ತದೆ, ಆದ್ದರಿಂದ ತಾರೀಖಿನ ಮೇಲೆ ಬೇರೆ ಯಾವ ಮಾತನ್ನೂ ಹೇರಿಲ್ಲ. ತಿಂಗಳ ಹೆಸರನ್ನು ಹೇಳಿದ್ದೇವೆ. ಇಸವಿ ಪರದೆಯ ಮೇಲೆ ಬರಹದಲ್ಲಿರುತ್ತದೆ. 'ಮೂವತ್ತರ ರಾತ್ರಿ ಹನ್ನೆರಡು' ಎಂದರೆ ಇಪ್ಪತ್ತೊಂಬತ್ತು ಕಳೆದ ನಡುರಾತ್ರಿಯೋ, ಮೂವತ್ತು ಕಳೆದದ್ದೋ ಎಂಬ ಜಗಳ ಹುಟ್ಟುತ್ತದೆ. ಸಂಜೆ ಆರಕ್ಕೆ ಆ ತಂಟೆಯಿಲ್ಲ.

ಬಹುಮಾನದ ಸಾಲಿನಲ್ಲಿ 'ಮೂವರಿಗೆ ಆರು ಕಿಲೊ' ಎಂದು ಮೊದಲು ಬರೆದಿದ್ದೆವು. ತಲಾ ಆರೋ, ಹಂಚಿಕೊಂಡು ಎರಡೆರಡೋ ಎಂದು ನಮ್ಮ ಗುಮಾಸ್ತರೇ ಕೇಳಿದ ಮೇಲೆ ಬದಲಾಯಿಸಿದೆವು. 'ತೀರ್ಪುಗಾರರು' ಎಂಬ ಪದವೂ ಅಲಂಕಾರಕ್ಕಲ್ಲ. ಚೀಟಿ ಎತ್ತಿ ಬಹುಮಾನ ಕೊಟ್ಟರೆ ಅದು ಲಾಟರಿಯ ಕಾಯಿದೆಯ ತೊಡಕಿಗೆ ಸಿಕ್ಕಬಹುದು. ಇಲ್ಲಿ ವಿಡಿಯೊಗಳನ್ನು ನೋಡಿ, ಅಂಕ ಹಾಕಿ ಆರಿಸುತ್ತೇವೆ.

ನಂಬರನ್ನು ಬಾಯಿಯಲ್ಲಿ ಹೇಳಿಸಿಲ್ಲ. ಹತ್ತು ಅಂಕಿಗಳನ್ನು ಸ್ಪಷ್ಟವಾಗಿ ಹೇಳಲು ಐದು ಸೆಕೆಂಡಾದರೂ ಬೇಕು, ಕೇಳಿದವರು ಬರೆದುಕೊಳ್ಳುವುದೂ ಇಲ್ಲ. ನಂಬರು ಮತ್ತು ತಾರೀಖು ಪರದೆಯ ಮೇಲೆ ಆರಂಭದಿಂದ ಕೊನೆಯವರೆಗೂ ನಿಂತಿರಬೇಕು. ಬಸ್ಸಿನಲ್ಲಿ ಕುಳಿತು ಧ್ವನಿಯಿಲ್ಲದೆ ನೋಡುವವರೇ ಬಹಳ.

ಬಾಯಿಯಲ್ಲಿ ಹೇಳಲಾಗದ ನಿಯಮಗಳನ್ನು ಕೈಬಿಟ್ಟಿಲ್ಲ, ಚೀಟಿಯಲ್ಲಿ ಅಚ್ಚು ಹಾಕಿಸಿದ್ದೇವೆ: ಪುಡಿ ಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ, ಸಂಘದ ನೌಕರರ ಮನೆಯವರು ಸೇರುವಂತಿಲ್ಲ, ಮಕ್ಕಳು ವಿಡಿಯೊದಲ್ಲಿದ್ದರೆ ಹೆತ್ತವರ ಒಪ್ಪಿಗೆ ಬೇಕು, ಬಂದ ವಿಡಿಯೊವನ್ನು ಸಂಘದ ಪ್ರಚಾರಕ್ಕೆ ಬಳಸಬಹುದು. ಈ ಕೊನೆಯದನ್ನು ಮುಚ್ಚಿಟ್ಟು ಆಮೇಲೆ ಬಳಸಿದರೆ ಸರಿಯಲ್ಲ. ಫಲಿತಾಂಶದ ತಾರೀಖೂ ಚೀಟಿಯಲ್ಲಿದೆ. ಕೊಡುವ ಉದ್ದೇಶವಿಲ್ಲದೆ ಬಹುಮಾನ ಘೋಷಿಸುವುದನ್ನೂ, ಯೋಜನೆ ಮುಗಿದ ಮೇಲೆ ಸೇರಿದವರಿಗೆ ಫಲಿತಾಂಶ ತಿಳಿಸದಿರುವುದನ್ನೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಎಣಿಸುತ್ತದೆ.

ಸಿದ್ಧವಾದ ವಿಡಿಯೊವನ್ನು ಡಿಪೋಗೆ ಬಂದ ಐದಾರು ಗಿರಾಕಿಗಳಿಗೆ ಒಂದೇ ಒಂದು ಸಲ ತೋರಿಸಿ, ಏನು ಕಳುಹಿಸಬೇಕು, ಏನು ಸಿಗುತ್ತದೆ, ಎಂದಿನವರೆಗೆ ಎಂದು ಕೇಳಿದೆವು. ಎಲ್ಲರೂ ತಾರೀಖು ಹೇಳಿದರು, ಇಬ್ಬರು ಮಾತ್ರ 'ಮನೆಗೊಂದೇ' ಎಂಬುದನ್ನು ಮರೆತಿದ್ದರು. ಆ ಎರಡು ಪದಗಳ ಮುಂದೆ ಒಂದು ಕ್ಷಣ ನಿಲ್ಲುವಂತೆ ಓದುವವರಿಗೆ ಹೇಳಿ, ಮತ್ತೊಮ್ಮೆ ಧ್ವನಿ ತೆಗೆಸಿದ್ದೇವೆ. ಅಚ್ಚಾದ ಚೀಟಿಗಳು ಡಿಪೋದಲ್ಲಿವೆ. ಪುಡಿ ಒಯ್ಯುವ ಸದಸ್ಯರು ತಮ್ಮ ಊರಿನ ಅಂಗಡಿಗೂ ಒಂದಷ್ಟು ಒಯ್ಯಬೇಕಾಗಿ ವಿನಂತಿ.